ನಾನು ನಿದ್ದೆ ಮಾಡುತ್ತಿದ್ದ ವಿಡಿಯೊ ಅವರ ಸ್ಟೇಟಸ್‌ನಲ್ಲಿತ್ತು

ಪ್ರಶ್ನೆ: ನಮ್ಮ ಮದುವೆಯಾಗಿ ಎರಡು ವರ್ಷ. ನನ್ನ ಗಂಡನಿಗೆ ನಮ್ಮಿಬ್ಬರ ಫೋಟೊ ಹಾಕುವುದೆಂದರೆ ತುಂಬ ಇಷ್ಟ, ನನಗೆ ಅಷ್ಟು ಹಿಡಿಸುವುದಿಲ್ಲ. ಹೋದ ತಿಂಗಳು ನಾನು ಸೋಫಾ ಮೇಲೆ ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದ ವಿಡಿಯೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರು. ನನ್ನ ಆಫೀಸಿನವರೂ ನೋಡಿದ್ದರು. ಜಗಳವಾದ ಮೇಲೆ ತೆಗೆದರು. ಆದರೆ ‘ನನ್ನ ಜೊತೆ ಕಾಣಿಸಿಕೊಳ್ಳೋಕೆ ನಿನಗೆ ನಾಚಿಕೆನಾ?’ ಅಂತ ಕೇಳಿದರು. ಆಮೇಲೆ ಇಬ್ಬರೂ ಏನೂ ಹಾಕಿಲ್ಲ, ಆ ಮಾತನ್ನೂ ಎತ್ತಿಲ್ಲ. ಮದುವೆಗೆ ಮುಂಚೆ ನಾನು ಅವರಿಗೆ ಕೆಲವು ಖಾಸಗಿ ಫೋಟೊ ಕಳಿಸಿದ್ದೆ. ಅವೆಲ್ಲ ಈಗ ಎಲ್ಲಿವೆಯೋ ಅನ್ನುವ ಭಯ ಶುರುವಾಗಿದೆ. ಅವರು ಕೆಟ್ಟವರಲ್ಲ. ನಮ್ಮ ನಡುವೆ ಒಂದು ನಿಯಮ ಅಂತ ಮಾಡಿಕೊಳ್ಳುವುದಾದರೆ ಹೇಗೆ?

ಉತ್ತರ: ನಿಮ್ಮವರು ಕೇಳಿದ ಪ್ರಶ್ನೆಯಿಂದಲೇ ಶುರು ಮಾಡೋಣ. ಅದಕ್ಕೆ ಉತ್ತರ ಸಿಗದೆ ನೀವು ಏನೇ ನಿಯಮ ಮಾಡಿದರೂ ಅವರ ಕಿವಿಗೆ ಅದು ‘ನಿನ್ನನ್ನು ಮುಚ್ಚಿಡುತ್ತೇನೆ’ ಎಂದೇ ಕೇಳಿಸುತ್ತದೆ.

ಜೋಡಿ ಫೋಟೊ ಹಾಕಲು ಹಿಂಜರಿಯುವವರಿಗೆ ಸಂಬಂಧದಲ್ಲಿ ಪೂರ್ತಿ ಮನಸ್ಸಿಲ್ಲ ಎಂದು ಕೆಲವರು ನಂಬುತ್ತಾರೆ. ತುಂಬ ಹಾಕುವವರದು ಬರೀ ತೋರಿಕೆ ಎಂದು ಇನ್ನು ಕೆಲವರು. ಎರಡೂ ಆತುರದ ತೀರ್ಮಾನಗಳು. ಮನಶ್ಶಾಸ್ತ್ರಜ್ಞೆ ಲಿಡಿಯಾ ಎಮೆರಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ನೋಡಿತ್ತು: ಫೇಸ್‌ಬುಕ್‌ನಲ್ಲಿ ತಮ್ಮ ಸಂಬಂಧ ಎಷ್ಟು ಕಾಣಿಸಬೇಕು ಎಂದು ಜನ ಬಯಸುತ್ತಾರೆ, ಯಾಕೆ? ಆತ್ಮೀಯರಿಂದಲೂ ಒಂದಿಷ್ಟು ಅಂತರ ಇಟ್ಟುಕೊಳ್ಳುವ ಸ್ವಭಾವದವರು ಕಡಿಮೆ ಕಾಣಿಸಲಿ ಎಂದರು. ಪ್ರೀತಿ ಕೈತಪ್ಪಬಹುದೆಂಬ ಅಳುಕು ಇರುವವರು ಹೆಚ್ಚು ಕಾಣಿಸಲಿ ಎಂದರು. ಸಂಗಾತಿಗೆ ತನ್ನ ಮೇಲೆ ಎಷ್ಟು ಮನಸ್ಸಿದೆಯೋ ಎಂಬ ಅನುಮಾನ ಹೆಚ್ಚಿದ ದಿನಗಳಲ್ಲಿ ಜನ ತಮ್ಮ ಸಂಬಂಧವನ್ನು ಹೆಚ್ಚು ತೋರಿಸಿಕೊಳ್ಳುತ್ತಿದ್ದುದೂ ಅದರಲ್ಲಿ ಕಂಡುಬಂತು.

ಇದನ್ನು ಹಿಡಿದು ನಿಮ್ಮವರಿಗೆ ‘ನಿಮಗೆ ಅಳುಕು’ ಎಂದು ಹಣೆಪಟ್ಟಿ ಹಚ್ಚಬೇಡಿ. ಫೋಟೊ ಹಾಕುವ ಆಸೆಯ ಹಿಂದೆ ‘ನಾವಿಬ್ಬರೂ ಜೋಡಿ ಎಂದು ಲೋಕಕ್ಕೆ ಗೊತ್ತಿರಲಿ’ ಎಂಬ ಬಯಕೆ ಇರಬಹುದು, ಅದು ತಪ್ಪಲ್ಲ. ಹಾಕಬೇಡ ಎನ್ನುವುದರ ಹಿಂದೆ ‘ನನ್ನನ್ನು ಯಾರು ಯಾವ ಸ್ಥಿತಿಯಲ್ಲಿ ನೋಡುತ್ತಾರೆ ಎಂಬುದು ನನ್ನ ಕೈಯಲ್ಲಿರಲಿ’ ಎಂಬ ಬಯಕೆ ಇರುತ್ತದೆ, ಅದೂ ತಪ್ಪಲ್ಲ. ಈ ಎರಡು ಬಯಕೆಗಳು ಒಂದಕ್ಕೊಂದು ವಿರುದ್ಧವೇನಲ್ಲ, ಹಾಗಾಗಿ ಎರಡಕ್ಕೂ ಜಾಗ ಕೊಡುವ ನಿಯಮ ಸಾಧ್ಯ. ಮೊದಲ ಮಾತು ಹೀಗಿದ್ದರೆ ಸಾಕು: ‘ನಿಮ್ಮ ಜೊತೆ ಕಾಣಿಸಿಕೊಳ್ಳೋದು ನನಗೆ ಇಷ್ಟವೇ. ಆದರೆ ಏನು ಹೋಗುತ್ತೆ, ಯಾರಿಗೆ ಹೋಗುತ್ತೆ ಅನ್ನೋದು ಹೋಗೋ ಮುಂಚೆ ನನಗೆ ಗೊತ್ತಿರಬೇಕು.’ ಈ ಮಾತಿನ ಮೊದಲ ಅರ್ಧ ನಿಮಗೆ ನಿಜವಾಗಿದ್ದರೆ ಮಾತ್ರ ಹೇಳಿ. ನಿಜವಲ್ಲದಿದ್ದರೆ ‘ನನಗೆ ಯಾರ ಜೊತೆಗಿದ್ದರೂ ನೆಟ್‌ನಲ್ಲಿ ಕಾಣಿಸಿಕೊಳ್ಳೋದೇ ಇಷ್ಟವಿಲ್ಲ’ ಎಂದು ನೇರವಾಗಿ ಹೇಳುವುದೇ ವಾಸಿ. ಅವರ ಪ್ರಶ್ನೆಗೆ ಅದೂ ಸರಿಯಾದ ಉತ್ತರವೇ.

ಇನ್ನು ಆ ವಿಡಿಯೊ ವಿಷಯ. ಅವರು ಕೆಡುಕು ಮಾಡಬೇಕೆಂದು ಹಾಕಿರಲಿಕ್ಕಿಲ್ಲ. ಹಾಕುವವರ ಕಣ್ಣ ಮುಂದೆ ಸಾಮಾನ್ಯವಾಗಿ ನಾಲ್ಕೈದು ಮುಖಗಳಷ್ಟೇ ಇರುತ್ತವೆ: ಗೆಳೆಯರು, ತಂಗಿ, ನಗುವ ಒಬ್ಬ ಅತ್ತಿಗೆ. ಆದರೆ ವಾಟ್ಸ್‌ಆ್ಯಪ್ ಸ್ಟೇಟಸ್, ಸೆಟ್ಟಿಂಗ್ ಬದಲಿಸದಿದ್ದರೆ, ಅವರ ಫೋನಿನಲ್ಲಿ ನಂಬರ್ ಇರುವ, ಅವರ ನಂಬರನ್ನೂ ಉಳಿಸಿಕೊಂಡಿರುವ ಎಲ್ಲರಿಗೂ ಕಾಣುತ್ತದೆ. ನಿಮ್ಮ ಆಫೀಸಿನವರು ನೋಡಿದ್ದೂ ಹೀಗೆಯೇ. ಎಂದೋ ನಿಮ್ಮ ಫೋನ್ ಸಿಗದಾಗ ಅವರು ನಿಮ್ಮ ಸಹೋದ್ಯೋಗಿಗೆ ಕರೆ ಮಾಡಿರಬಹುದು, ಇಬ್ಬರೂ ನಂಬರ್ ಉಳಿಸಿಕೊಂಡಿರಬಹುದು. ಆ ಹೆಸರು ಪಟ್ಟಿಯಲ್ಲಿರುವುದು ವಿಡಿಯೊ ಹಾಕುವ ಹೊತ್ತಿಗೆ ಅವರ ನೆನಪಿನಲ್ಲೇ ಇರುವುದಿಲ್ಲ.

ಇದರ ಬುಡದಲ್ಲಿ ಒಡೆತನದ ಪ್ರಶ್ನೆಯಿದೆ. ಸಂವಹನ ತಜ್ಞೆ ಸ್ಯಾಂಡ್ರಾ ಪೆಟ್ರೋನಿಯೊ ಖಾಸಗಿತನದ ಬಗ್ಗೆ ರೂಪಿಸಿದ ಸಿದ್ಧಾಂತವನ್ನು ಸಲಹಾಕಾರರು ಇವತ್ತಿಗೂ ಬಳಸುತ್ತೇವೆ. ಒಬ್ಬರ ಖಾಸಗಿ ಸಂಗತಿ ಇನ್ನೊಬ್ಬರಿಗೆ ಗೊತ್ತಾದ ಕ್ಷಣದಿಂದ ಅವರೂ ಅದರ ಜಂಟಿ ಒಡೆಯರಾಗುತ್ತಾರೆ. ಅದನ್ನು ಮುಂದೆ ಯಾರಿಗೆ ಹೇಳಬಹುದು, ಎಷ್ಟು ಹೇಳಬಹುದು ಎಂದು ಇಬ್ಬರೂ ಮಾತಾಡಿಕೊಳ್ಳದಿದ್ದರೆ ಆ ಗಡಿ ಯಾವತ್ತಾದರೂ ಕದಡುತ್ತದೆ ಎನ್ನುವುದು ಅದರ ಸಾರ. ನಿಮ್ಮ ಮನೆಯಲ್ಲಿ ಆದದ್ದು ಇದೇ. ವಿಡಿಯೊ ತೆಗೆದವರು ಅವರು, ಫೋನ್ ಅವರದು, ಆದ್ದರಿಂದ ಅದು ತನ್ನದು ಎಂದು ಅವರಿಗೆ ಸಹಜವಾಗಿಯೇ ಅನ್ನಿಸಿದೆ. ನಿದ್ದೆ ಮಾಡುತ್ತಿದ್ದವರು ನೀವು. ನಿದ್ದೆಯಲ್ಲಿರುವವರು ‘ಬೇಡ’ ಎನ್ನಲಾರರು, ಮುಖ ಆಚೆ ತಿರುಗಿಸಲಾರರು. ನಿದ್ದೆ, ಅಳು, ಕಾಯಿಲೆ, ಸಿಟ್ಟು, ಸ್ನಾನ ಮುಗಿಸಿ ಬಂದ ಗಳಿಗೆ – ಇಂಥ ಹೊತ್ತಿನ ಚಿತ್ರಗಳು ಎಷ್ಟೇ ಮುದ್ದಾಗಿದ್ದರೂ ಬೇರೆಯೇ ಸಾಲಿಗೆ ಸೇರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಿಮ್ಮ ಮುಂದಿರುವ ದಾರಿಗಳಲ್ಲಿ ಒಂದನ್ನು ನೀವಾಗಲೇ ಹಿಡಿದಿದ್ದೀರಿ: ಯಾರೂ ಏನನ್ನೂ ಹಾಕದಿರುವುದು. ಇಬ್ಬರೂ ಬಾಯಿಬಿಟ್ಟು ಒಪ್ಪಿದ್ದರೆ ಇದು ಎಲ್ಲಕ್ಕಿಂತ ಸುಲಭದ ನಿಯಮ, ಬಹಳ ಜೋಡಿಗಳು ಹೀಗೇ ನೆಮ್ಮದಿಯಾಗಿದ್ದಾರೆ. ಮಾತಿಲ್ಲದೆ ಸುಮ್ಮನಾಗಿದ್ದರೆ ಮಾತ್ರ ಅದು ನಿಲ್ಲುವುದಿಲ್ಲ. ಯಾವುದೋ ಸಂಭ್ರಮದ ದಿನ ಅವರು ಒಂದು ಫೋಟೊ ಹಾಕಿಯೇ ಹಾಕುತ್ತಾರೆ, ಹಳೆಯ ಜಗಳ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಇನ್ನೊಂದು ದಾರಿ ‘ಹಾಕಿ, ನನಗೆ ಬೇಡ ಅನ್ನಿಸಿದರೆ ಹೇಳುತ್ತೇನೆ, ತೆಗೆದುಬಿಡಿ’ ಎನ್ನುವುದು. ಕೇಳಲು ಉದಾರವಾಗಿದೆ, ಆದರೆ ಮೂರು ದಾರಿಗಳಲ್ಲಿ ಇದನ್ನೇ ನಾನು ಬೇಡ ಎನ್ನುವುದು. ಸ್ಟೇಟಸ್ ಆಗಲಿ ಇನ್‌ಸ್ಟಾಗ್ರಾಂ ಸ್ಟೋರಿ ಆಗಲಿ 24 ಗಂಟೆಗೆ ತಾನಾಗಿ ಮಾಯವಾಗುತ್ತದೆ ನಿಜ, ಆದರೆ ನೋಡಬೇಕಾದವರು ಮೊದಲ ಒಂದೆರಡು ಗಂಟೆಯಲ್ಲೇ ನೋಡಿ ಮುಗಿಸಿರುತ್ತಾರೆ. ಸ್ಟೋರಿಯ ಸ್ಕ್ರೀನ್‌ಶಾಟ್ ಯಾರಾದರೂ ತೆಗೆದರೆ ಹಾಕಿದವರಿಗೆ ಸೂಚನೆಯೂ ಬರುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಮಾಯವಾದ ಸ್ಟೋರಿ ಹಾಕಿದವರ ಆರ್ಕೈವ್‌ನಲ್ಲಿ ಕುಳಿತಿರುತ್ತದೆ, ವರ್ಷ ಕಳೆದ ಮೇಲೆ ನೆನಪು ಎಂದು ಮೇಲೆದ್ದು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ನಿಯಮದಲ್ಲಿ ಪ್ರತಿ ಸಲವೂ ಆಕ್ಷೇಪ ಎತ್ತುವ ಕೆಲಸ ನಿಮ್ಮ ಪಾಲಿಗೇ ಬರುತ್ತದೆ. ಆರು ತಿಂಗಳಲ್ಲಿ ‘ಯಾವಾಗ ನೋಡಿದರೂ ತಕರಾರು’ ಎಂಬ ಹೆಸರು ನಿಮಗೆ ಅಂಟುತ್ತದೆ.

ಉಳಿದದ್ದು, ಹಾಕುವ ಮುಂಚೆ ಕೇಳುವುದು. ನಿಮಗೆ ನಾನು ಸೂಚಿಸುವುದು ಇದನ್ನೇ, ಒಂದು ತಿದ್ದುಪಡಿಯೊಂದಿಗೆ. ಪ್ರತಿಯೊಂದಕ್ಕೂ ಕೇಳಬೇಕು ಎಂದರೆ ಹಾಕುವವರಿಗೆ ಅಪ್ಪಣೆ ಬೇಡಿದಂತಾಗುತ್ತದೆ, ಮೂರನೇ ವಾರಕ್ಕೆ ಬೇಸತ್ತು ಬಿಡುತ್ತಾರೆ. ಆದ್ದರಿಂದ ಕೇಳದೆ ಹಾಕಬಹುದಾದವು, ಕೇಳಿ ಹಾಕಬೇಕಾದವು, ಎಂದೂ ಹಾಕಬಾರದವು ಎಂದು ಮೊದಲೇ ಮೂರು ಪಾಲು ಮಾಡಿಕೊಳ್ಳಿ.

ಈ ಪಾಲನ್ನು ಬರೀ ಬಾಯಿಮಾತಲ್ಲಿ ಮಾಡಲು ಹೋದರೆ ತಪ್ಪುತ್ತದೆ. ‘ಖಾಸಗಿಯದು ಬೇಡ’ ಎಂದು ನೀವು ಹೇಳುತ್ತೀರಿ, ‘ಸರಿ’ ಎಂದು ಅವರು ಒಪ್ಪುತ್ತಾರೆ, ಆದರೆ ಖಾಸಗಿ ಎಂದರೆ ನಿಮ್ಮ ಮನಸ್ಸಿನಲ್ಲಿ ಮಲಗುವ ಕೋಣೆ ಇಡೀ ಬರುತ್ತದೆ, ಅವರ ಮನಸ್ಸಿನಲ್ಲಿ ಬಟ್ಟೆಯಿಲ್ಲದ್ದು ಮಾತ್ರ. ಅದಕ್ಕೆ ಹೀಗೆ ಮಾಡಿ. ಜಗಳವಾಗದ ಒಂದು ದಿನ, ಇಬ್ಬರಿಗೂ ಮುಕ್ಕಾಲು ಗಂಟೆ ಬಿಡುವಿರುವಾಗ, ಅಕ್ಕಪಕ್ಕ ಕೂತು ಒಂದೇ ಫೋನ್ ನೋಡಿ. ಎದುರು ಬದುರು ಕೂತರೆ ವಿಚಾರಣೆಯ ಥರ ಆಗುತ್ತದೆ. ಅವರು ಹಾಕಿರುವ ಕಳೆದ ಹತ್ತು ಹದಿನೈದು ಪೋಸ್ಟ್, ಜೊತೆಗೆ ಹಾಕದೆ ಉಳಿದ ಗ್ಯಾಲರಿಯ ಐದಾರು ಫೋಟೊ ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ಇಬ್ಬರೂ ತಮ್ಮ ತಮ್ಮ ಕಾಗದದಲ್ಲಿ ‘ಹಾಕಬಹುದು’, ‘ಕೇಳಬೇಕು’, ‘ಬೇಡ’ ಎಂದು ಬರೆಯಿರಿ. ಎಲ್ಲ ಮುಗಿದ ಮೇಲಷ್ಟೇ ಹೋಲಿಸಿ ನೋಡಿ. ಮೊದಲೇ ತೋರಿಸಿದರೆ ಒಬ್ಬರದು ನೋಡಿ ಇನ್ನೊಬ್ಬರು ಬದಲಿಸುತ್ತಾರೆ.

ನಿಮ್ಮಂಥ ಜೋಡಿಯ ಕಾಗದ ಹೇಗಿರಬಹುದು ಎಂದು ನೋಡೋಣ. ಪ್ರವಾಸದಲ್ಲಿ ಇಬ್ಬರೂ ನಿಂತು ತೆಗೆಸಿಕೊಂಡ ಫೋಟೊಕ್ಕೆ ಇಬ್ಬರೂ ‘ಹಾಕಬಹುದು’ ಎಂದು ಬರೆದಿರುತ್ತೀರಿ. ಅವರಿಗೆ ಇದೇ ಒಂದು ಸಮಾಧಾನ, ಏಕೆಂದರೆ ನೀವು ಎಲ್ಲಕ್ಕೂ ಬೇಡ ಎನ್ನುತ್ತೀರಿ ಎಂದು ಅವರು ಅಂದುಕೊಂಡಿರುತ್ತಾರೆ. ಅದೇ ಪ್ರವಾಸದಲ್ಲಿ ನೀವಿನ್ನೂ ಅಲ್ಲಿರುವಾಗಲೇ ಜಾಗದ ಹೆಸರು ಸೇರಿಸಿ ಹಾಕಿದ್ದಕ್ಕೆ ನೀವು ‘ಬೇಡ’ ಎಂದಿರುತ್ತೀರಿ, ಮನೆ ಖಾಲಿ ಇದೆ ಎಂದು ಎಲ್ಲರಿಗೂ ಸಾರಿದಂತೆ ಎಂಬ ಕಾರಣಕ್ಕೆ. ಇದು ಅವರಿಗೆ ಹೊಳೆದೇ ಇರುವುದಿಲ್ಲ. ಹಾಗೆಯೇ ಅವರ ಕೆಲಸ ಹೋಗಿದ್ದ ತಿಂಗಳಲ್ಲಿ ನೀವು ನಿಮ್ಮ ಗೆಳತಿಯರ ಗುಂಪಿಗೆ ‘ಮನೆಯಲ್ಲಿ ಸ್ವಲ್ಪ ಕಷ್ಟ’ ಎಂದು ಬರೆದ ಸಾಲನ್ನು ಅವರು ‘ಬೇಡ’ ಪಾಲಿಗೆ ಹಾಕಬಹುದು. ಆ ಕ್ಷಣ ನಿಮಗೆ ಮುಜುಗರವಾದೀತು, ಆದರೆ ಈ ಕೂತು ನೋಡುವ ಕೆಲಸದ ನಿಜವಾದ ಉಪಯೋಗ ಅದೇ. ನಿಯಮ ಬರೀ ಅವರಿಗಲ್ಲ, ನಿಮಗೂ ಅನ್ವಯಿಸುತ್ತದೆ ಎಂದು ಗೊತ್ತಾದ ಕೂಡಲೇ ಅವರ ಬಿಗುವು ಸಡಿಲಾಗುತ್ತದೆ.

ಇಬ್ಬರ ಉತ್ತರವೂ ಒಂದೇ ಇರುವ ಫೋಟೊಗಳ ಬಗ್ಗೆ ಮಾತಾಡುವ ಅಗತ್ಯವಿಲ್ಲ. ಬೇರೆ ಬೇರೆ ಬಂದವುಗಳನ್ನು ಮಾತ್ರ ಎತ್ತಿಕೊಳ್ಳಿ. ಅಲ್ಲಿ ‘ಯಾಕೆ ಬೇಡ?’ ಎಂದು ಕೇಳುವ ಬದಲು ‘ಇದನ್ನು ಯಾರು ನೋಡಿದರೆ ನಿನಗೆ ಕಷ್ಟ?’ ಎಂದು ಕೇಳಿಕೊಳ್ಳಿ. ಮೊದಲನೆಯದು ಸಮರ್ಥನೆ ಕೇಳುತ್ತದೆ, ಎರಡನೆಯದಕ್ಕೆ ಹೆಸರುಗಳು ಬರುತ್ತವೆ. ಹೆಸರುಗಳು ಬಂದರೆ ಎಷ್ಟೋ ಸಲ ಫೋಟೊ ಬಿಡಬೇಕಾಗಿಯೇ ಇಲ್ಲ, ನೋಡುವವರನ್ನು ಬದಲಿಸಿದರೆ ಸಾಕು.

ಆಮೇಲೆ ಒಪ್ಪಿದ್ದನ್ನು ಬರೆದುಕೊಳ್ಳಿ. ಗಂಡ ಹೆಂಡತಿ ನಡುವೆ ಬರವಣಿಗೆ ಯಾಕೆ ಎಂದು ಕೆಲವರು ಮುಖ ಸಣ್ಣಗೆ ಮಾಡುತ್ತಾರೆ. ಮೂರು ತಿಂಗಳ ನಂತರ ‘ನಾನು ಹಾಗೆ ಹೇಳಿರಲೇ ಇಲ್ಲ’ ಎಂಬ ಹೊಸ ಜಗಳ ತಪ್ಪಿಸುವುದಷ್ಟೇ ಅದರ ಕೆಲಸ. ಇಬ್ಬರ ಚಾಟ್‌ನಲ್ಲೇ ಒಂದು ಸಂದೇಶವಾಗಿ ಬರೆದು ಮೇಲೆ ಪಿನ್ ಮಾಡಿದರೂ ಆದೀತು. ಉದಾಹರಣೆಗೆ ಹೀಗೆ:

‘ಇಬ್ಬರೂ ಕ್ಯಾಮೆರಾ ನೋಡಿ ನಿಂತ ಫೋಟೊವನ್ನು ಕೇಳದೆ ಹಾಕಬಹುದು, ಆದರೆ ಆ ಜಾಗದಿಂದ ಹೊರಟ ಮೇಲೆ. ಒಬ್ಬರೇ ಇರುವ ಫೋಟೊ, ಮನೆಯೊಳಗಿನದು, ಮನೆಯವರು ಇರುವುದು – ಇವನ್ನೆಲ್ಲ ಕೇಳಿ ಹಾಕಬೇಕು. ನಿದ್ದೆ, ಅಳು, ಕಾಯಿಲೆ, ಜಗಳ, ಹಣದ ವಿಷಯ, ಇಬ್ಬರ ಚಾಟ್‌ನ ಸ್ಕ್ರೀನ್‌ಶಾಟ್ ಎಂದೂ ಹಾಕುವಂತಿಲ್ಲ, ಸ್ಟೇಟಸ್‌ಗೂ ಇಲ್ಲ, ಗ್ರೂಪ್‌ಗೂ ಇಲ್ಲ. ಕೇಳುವಾಗ ಹಾಕಲಿರುವ ಫೋಟೊ, ಅದರ ಕೆಳಗಿನ ಬರಹ, ಯಾರಿಗೆ ಕಾಣುತ್ತದೆ – ಮೂರನ್ನೂ ಕಳಿಸಬೇಕು. ಉತ್ತರ ಬಾರದಿದ್ದರೆ ಬೇಡ ಎಂದೇ ಅರ್ಥ. ಬೇಡ ಎಂದವರು ಕಾರಣ ಕೊಡಬೇಕಾಗಿಲ್ಲ. ತಪ್ಪಿ ಹಾಕಿದ್ದರೆ ಹೇಳಿದ ಕೂಡಲೇ ತೆಗೆಯಬೇಕು, ವಾದ ಏನಿದ್ದರೂ ತೆಗೆದ ಮೇಲೆ.’

ಇದರಲ್ಲಿ ಎರಡು ಸಾಲುಗಳು ಎಲ್ಲಕ್ಕಿಂತ ಹೆಚ್ಚು ಮುರಿಯುತ್ತವೆ. ಒಂದು, ಮೂರನ್ನೂ ಕಳಿಸಬೇಕು ಎಂಬುದು. ‘ನಿನ್ನೆಯ ಫೋಟೊ ಹಾಕಲಾ?’ ಎಂದು ಕೇಳಿದಾಗ ನೀವು ನಿಮ್ಮ ತಲೆಯಲ್ಲಿರುವ ಒಂದು ಫೋಟೊಕ್ಕೆ ‘ಹೂಂ’ ಎನ್ನುತ್ತೀರಿ, ಅವರು ಹಾಕುವುದು ಬೇರೊಂದನ್ನು. ಅಥವಾ ಫೋಟೊ ಅದೇ ಇದ್ದು, ಕೆಳಗೆ ನಿಮಗೆ ಗೊತ್ತಿಲ್ಲದ ತಮಾಷೆಯ ಸಾಲು ಇರುತ್ತದೆ. ಫೋಟೊಗಿಂತ ಬರಹಕ್ಕೇ ಹೆಚ್ಚು ಮನಸ್ತಾಪ ಆಗುವುದನ್ನು ನಾನು ನೋಡಿದ್ದೇನೆ. ಇನ್ನೊಂದು, ಮೌನದ ಅರ್ಥ. ನೀವು ಕೆಲಸದ ನಡುವೆ ಇರುವಾಗ ಅವರು ಕೇಳುತ್ತಾರೆ, ನೀವು ನೋಡುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ, ‘ಬೇಡ ಅನ್ನಲಿಲ್ಲವಲ್ಲ’ ಎಂದು ಹಾಕಿಬಿಡುತ್ತಾರೆ. ಇದಕ್ಕೆ ಪ್ರತಿಯಾಗಿ ನಿಮ್ಮ ಮೇಲೂ ಒಂದು ಹೊಣೆ ಇರಲಿ: ಕೇಳಿದ ದಿನ ಮುಗಿಯುವುದರೊಳಗೆ ಹೌದು ಅಥವಾ ಬೇಡ ಎಂದು ಹೇಳುವುದು. ಉತ್ತರಿಸದೆ ಉಳಿಸಿಕೊಂಡು ಎಲ್ಲವನ್ನೂ ತಡೆಯುವುದು ನಿಯಮದ ದುರುಪಯೋಗ.

ಇದರ ಜೊತೆಗೆ ಅವರಿಗೆ ನಿಶ್ಚಿತವಾಗಿ ಸಿಗುವ ಒಂದು ಸಂಗತಿಯನ್ನೂ ಬರೆಯಿರಿ. ವರ್ಷಕ್ಕೆ ಕೆಲವು ದಿನಗಳಂದು, ನಿಮ್ಮಿಬ್ಬರ ಹುಟ್ಟುಹಬ್ಬ, ಮದುವೆಯ ದಿನ ಎಂದಿಟ್ಟುಕೊಳ್ಳಿ, ಇಬ್ಬರೂ ಕೂತು ಆರಿಸಿದ ಫೋಟೊ ಅವರ ಖಾತೆಯಲ್ಲಿ ಹೋಗುತ್ತದೆ, ಟ್ಯಾಗ್‌ಗೆ ನೀವು ಒಪ್ಪಿಗೆ ಕೊಡುತ್ತೀರಿ ಎಂದು. ಬರೀ ತಡೆಗಳಿಂದ ತುಂಬಿದ ನಿಯಮವನ್ನು ಯಾರೂ ಬಹಳ ದಿನ ಪಾಲಿಸುವುದಿಲ್ಲ. ಅವರು ಕೇಳಿದ ‘ನಾಚಿಕೆನಾ?’ ಪ್ರಶ್ನೆಗೆ ನಿಮ್ಮ ಮಾತಿಗಿಂತ ಆ ದಿನದ ಫೋಟೊ ಚೆನ್ನಾಗಿ ಉತ್ತರ ಕೊಡುತ್ತದೆ.

ನಿಯಮವನ್ನು ಜ್ಞಾಪಕಶಕ್ತಿಯ ಮೇಲೆ ಬಿಡಬೇಡಿ, ಫೋನಿನ ಸೆಟ್ಟಿಂಗ್‌ಗೆ ಒಪ್ಪಿಸಿ. ವಾಟ್ಸ್‌ಆ್ಯಪ್‌ನಲ್ಲಿ ಸ್ಟೇಟಸ್‌ನ ಪ್ರೈವೆಸಿ ತೆರೆದರೆ ಮೂರು ಆಯ್ಕೆ ಕಾಣುತ್ತವೆ: My contacts, My contacts except…, Only share with…. ನಡುವಿನದರಲ್ಲಿ ಬೇಡದವರನ್ನು ಹೊರಗಿಡಬಹುದು, ಆದರೆ ಹೊಸದಾಗಿ ಸೇರಿದ ನಂಬರ್ ತಾನಾಗಿ ನೋಡುವವರ ಪಟ್ಟಿಗೆ ಬರುತ್ತದೆ. ಕೊನೆಯದರಲ್ಲಿ ನೀವು ಆರಿಸಿದವರಿಗೆ ಬಿಟ್ಟು ಬೇರಾರಿಗೂ ಕಾಣುವುದಿಲ್ಲ. ನಿಮಗೆ ಬೇಕಾದದ್ದು ಈ ಕೊನೆಯದು. ಪಟ್ಟಿಯನ್ನು ಇಬ್ಬರೂ ಸೇರಿ ಒಮ್ಮೆ ಮಾಡಿ. ಸೆಟ್ಟಿಂಗ್ ಬದಲಿಸಿದ್ದು ಆಮೇಲೆ ಹಾಕುವ ಸ್ಟೇಟಸ್‌ಗಷ್ಟೇ ಅನ್ವಯಿಸುತ್ತದೆ, ಆಗಲೇ ಹೋಗಿರುವುದಕ್ಕೆ ಅಲ್ಲ ಎಂಬುದು ನೆನಪಿರಲಿ. ಇನ್‌ಸ್ಟಾಗ್ರಾಂನಲ್ಲಿ ಇದೇ ಕೆಲಸಕ್ಕೆ Close Friends ಪಟ್ಟಿ ಇದೆ. ನಿಮ್ಮ ಖಾತೆಯಲ್ಲಿ ಟ್ಯಾಗ್‌ಗಳಿಗೆ ನಿಮ್ಮ ಒಪ್ಪಿಗೆ ಬೇಕು ಎಂಬ ಆಯ್ಕೆಯನ್ನೂ ತೆರೆದಿಡಿ. ಹಾಗೆ ಮಾಡಿದರೆ ಟ್ಯಾಗ್ ಆದ ಪೋಸ್ಟ್ ನಿಮ್ಮ ಪ್ರೊಫೈಲ್‌ನಲ್ಲಿ ಕಾಣುವ ಮುಂಚೆ ನಿಮ್ಮನ್ನು ಕೇಳುತ್ತದೆ. ಆದರೆ ಇದು ಪೋಸ್ಟನ್ನು ತಡೆಯುವುದಿಲ್ಲ. ಅವರ ಖಾತೆಯಲ್ಲಿ ಅದು ಇದ್ದೇ ಇರುತ್ತದೆ. ಟ್ಯಾಗ್ ತೆಗೆದೆ, ಫೋಟೊ ಹೋಯಿತು ಎಂದುಕೊಂಡವರು ಬಹಳ.

ಈಗ ಆ ಹಳೆಯ ಖಾಸಗಿ ಫೋಟೊಗಳಿಗೆ ಬರುತ್ತೇನೆ. ಇದನ್ನು ಮೇಲಿನ ಮಾತುಕತೆಯ ಜೊತೆ ಬೆರೆಸಬೇಡಿ, ಬೇರೆ ದಿನ ಎತ್ತಿಕೊಳ್ಳಿ. ಅಲ್ಲಿ ಚರ್ಚೆಯಲ್ಲಿದ್ದದ್ದು ಏನು ತೋರಿಸಬಹುದು ಎಂಬುದು, ಇಲ್ಲಿ ಇರುವುದು ಪ್ರತಿಗಳು ಎಲ್ಲೆಲ್ಲಿವೆ ಎಂಬುದು. ‘ನಿಮ್ಮ ಮೇಲೆ ಅನುಮಾನ’ ಎಂಬ ದನಿ ಬಾರದ ಹಾಗೆ ಹೇಳುವುದು ಕಷ್ಟವೇನಲ್ಲ, ಏಕೆಂದರೆ ನಿಮ್ಮ ಭಯಕ್ಕೆ ನಿಜವಾದ ಕಾರಣ ಅವರ ಗುಣವಲ್ಲ, ಫೋನ್ ಕೆಲಸ ಮಾಡುವ ರೀತಿ. ‘ಆ ಫೋಟೊಗಳು ಯಾವ್ಯಾವ ಮೂಲೆಯಲ್ಲಿವೆ ಅಂತ ಇಬ್ಬರೂ ಸೇರಿ ಹುಡುಕೋಣ, ನಿಮ್ಮ ಫೋನ್ ಕಳೆದುಹೋದರೂ ನನಗೆ ಹೆದರಿಕೆ ಇರಬಾರದು’ ಎನ್ನಿ. ನಿಮ್ಮ ಫೋನಿನಿಂದಲೇ ಶುರು ಮಾಡಿ, ಕಳಿಸಿದ ಪ್ರತಿ ಅಲ್ಲೂ ಇದ್ದೀತು.

ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದರೆ ಅದು ಚಾಟ್‌ನಲ್ಲಿ ಉಳಿಯುತ್ತದೆ, ಗ್ಯಾಲರಿಗೆ ಉಳಿಸುವ ಆಯ್ಕೆ ತೆರೆದಿದ್ದರೆ ಅಲ್ಲೂ ಬರುತ್ತದೆ. ಗ್ಯಾಲರಿಯ ಆ ಫೋಲ್ಡರ್ ಬ್ಯಾಕಪ್‌ಗೆ ಸೇರಿದ್ದರೆ ಗೂಗಲ್ ಫೋಟೋಸ್ ಅಥವಾ ಐಕ್ಲೌಡ್‌ಗೆ ಏರುತ್ತದೆ, ಅಲ್ಲಿಂದ ಅದೇ ಖಾತೆಯಿರುವ ಟ್ಯಾಬ್, ಲ್ಯಾಪ್‌ಟಾಪ್, ಫೋಟೊಗಳನ್ನು ತಾನಾಗಿ ತೋರಿಸುವ ಟಿವಿ ಪರದೆಯವರೆಗೂ ಹೋಗಬಹುದು. ಚಾಟ್‌ನ ಬ್ಯಾಕಪ್‌ನಲ್ಲಿ ಇನ್ನೊಂದು ಪ್ರತಿ. ಕಪಾಟಿನಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಫೋನಿನಲ್ಲಿ ಮತ್ತೊಂದು. ಕೆಟ್ಟ ಉದ್ದೇಶ ಯಾರಿಗೂ ಇಲ್ಲದಿದ್ದರೂ ಖಾಸಗಿ ಫೋಟೊ ಬೇರೆಯವರ ಕಣ್ಣಿಗೆ ಬೀಳುವುದು ಹೀಗೆ: ರಿಪೇರಿಗೆ ಲಾಕ್ ತೆಗೆದು ಕೊಟ್ಟ ಫೋನಿನಿಂದ, ಮನೆಯವರೆಲ್ಲ ನೋಡುವ ಟಿವಿಯಿಂದ, ಪ್ರವಾಸದ ಫೋಟೊ ತೋರಿಸುತ್ತ ಬೆರಳು ಒಂದು ಹೆಜ್ಜೆ ಮುಂದೆ ಜಾರಿದ್ದರಿಂದ.

ಅಳಿಸುವುದಾದರೆ ಈ ಕ್ರಮ ಅನುಕೂಲ. ಮೊದಲು ಚಾಟ್‌ನ ಮಾಹಿತಿ ಪುಟದಲ್ಲಿ ಮೀಡಿಯಾ ತೆರೆದು ಆ ಫೋಟೊಗಳನ್ನು ಆರಿಸಿ ಅಳಿಸಿ. ಗ್ಯಾಲರಿಯಲ್ಲಿರುವ ಪ್ರತಿಯನ್ನೂ ಜೊತೆಗೆ ಅಳಿಸಬೇಕೇ ಎಂದು ಕೇಳಿದರೆ ಹೌದು ಎನ್ನಿ. ಆಮೇಲೆ ಗ್ಯಾಲರಿ, ಅದಾದ ಮೇಲೆ ಕ್ಲೌಡ್‌ನ ಆ್ಯಪ್ ತೆರೆದು ಅದೇ ದಿನಾಂಕಕ್ಕೆ ಹೋಗಿ ಪ್ರತಿ ಉಳಿದಿದೆಯೇ ನೋಡಿ. ಇಷ್ಟಕ್ಕೇ ಮುಗಿಯಲಿಲ್ಲ, ಅಳಿಸಿದ್ದು ಕಸದ ಬುಟ್ಟಿಯಲ್ಲಿರುತ್ತದೆ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದ ಫೋಟೊ ಅಲ್ಲಿನ ಟ್ರ್ಯಾಶ್‌ನಲ್ಲಿ 60 ದಿನ ಉಳಿಯುತ್ತದೆ. ಐಫೋನಿನಲ್ಲಿ Recently Deleted ಎಂಬಲ್ಲಿ ಸುಮಾರು 30 ದಿನ. ಬುಟ್ಟಿಯನ್ನು ಕೈಯಾರೆ ಖಾಲಿ ಮಾಡಿ. ಕೊನೆಗೆ ಚಾಟ್‌ನ ಬ್ಯಾಕಪ್ ಅನ್ನು ಹೊಸದಾಗಿ ಮಾಡಿ. ಇಲ್ಲದಿದ್ದರೆ ಮುಂದಿನ ಫೋನಿಗೆ ಬದಲಾದಾಗ ಹಳೆಯ ಬ್ಯಾಕಪ್‌ನಿಂದ ಎಲ್ಲವೂ ಮರಳಿ ಬರುತ್ತದೆ. ಹಳೆಯ ಫೋನಿಗೂ ಲ್ಯಾಪ್‌ಟಾಪ್‌ಗೂ ಇದೇ ಹುಡುಕಾಟ ಆಗಬೇಕು.

ಕೆಲವನ್ನು ಉಳಿಸಿಕೊಳ್ಳಬೇಕೆಂದು ಇಬ್ಬರಿಗೂ ಅನ್ನಿಸಿದರೆ ಅದೂ ನಿಮ್ಮ ಹಕ್ಕೇ. ಆಗ ಒಂದೇ ಜಾಗದಲ್ಲಿರಲಿ: ಗೂಗಲ್ ಫೋಟೋಸ್‌ನ Locked Folder ಅಥವಾ ಐಫೋನಿನ Hidden ಆಲ್ಬಂ, ಫೋನಿನ ಲಾಕ್ ಹಾಕಿರುವಂತೆ ನೋಡಿಕೊಂಡು. ಯಾರ ಫೋನಿನಲ್ಲಿ ಎಂಬುದನ್ನು ಫೋಟೊದಲ್ಲಿರುವವರೇ ತೀರ್ಮಾನಿಸಲಿ. ಅವರು ಯಾವಾಗ ‘ಅಳಿಸಿ’ ಎಂದರೂ ಪ್ರಶ್ನಿಸದೆ ಅಳಿಸಬೇಕು ಎಂಬ ಷರತ್ತು ಮಾತ್ರ ಬೇಕೇ ಬೇಕು. ಒಮ್ಮೆ ಮಾತ್ರ ನೋಡಬಹುದಾದ ರೀತಿ ಕಳಿಸುವ ಸೌಲಭ್ಯವನ್ನು ಪೂರ್ಣ ನಂಬಬೇಡಿ. ವಾಟ್ಸ್‌ಆ್ಯಪ್ ಅದರ ಸ್ಕ್ರೀನ್‌ಶಾಟ್ ತಡೆಯುತ್ತದೆ, ಆದರೆ ಪಕ್ಕದ ಇನ್ನೊಂದು ಫೋನಿನ ಕ್ಯಾಮೆರಾವನ್ನು ಯಾವ ಆ್ಯಪ್ ಕೂಡ ತಡೆಯಲಾರದು. ಮುಖ ಕಾಣದಿದ್ದರೆ ಪರವಾಗಿಲ್ಲ ಎಂಬ ನಂಬಿಕೆಯೂ ಅರ್ಧ ಮಾತ್ರ ಸರಿ. ಹಚ್ಚೆ, ಮಚ್ಚೆ, ಒಡವೆ, ಹಿಂದಿನ ಗೋಡೆ, ಹಾಸಿಗೆಯ ಹೊದಿಕೆ, ಇವುಗಳಿಂದ ನಿಮ್ಮನ್ನು ಬಲ್ಲವರು ಗುರುತು ಹಿಡಿಯಬಲ್ಲರು.

ನಿಮ್ಮ ಪತ್ರದಲ್ಲಿ ಇದರ ಸುಳಿವಿಲ್ಲ, ಆದರೂ ಇದನ್ನು ಓದುವ ಬೇರೆಯವರಿಗಾಗಿ ಹೇಳಲೇಬೇಕು. ಪಾಸ್‌ವರ್ಡ್ ಕೊಡು ಎಂದು ಒತ್ತಾಯಿಸುವುದು, ಫೋಟೊ ಹಾಕದಿದ್ದರೆ ದಿನಗಟ್ಟಲೆ ಮಾತು ಬಿಡುವುದು, ನಿಮ್ಮ ಪಟ್ಟಿಯಿಂದ ಗೆಳೆಯರನ್ನು ತೆಗೆಸುವುದು, ‘ಆ ಫೋಟೊ ಇನ್ನೂ ನನ್ನ ಹತ್ತಿರ ಇದೆ’ ಎಂದು ಜಗಳದ ಮಧ್ಯೆ ನೆನಪಿಸುವುದು – ಇವು ಅಭಿರುಚಿಯ ವ್ಯತ್ಯಾಸಗಳಲ್ಲ. ಅಂಥ ಕಡೆ ಕೂತು ಕಾಗದ ಬರೆಯುವುದರಿಂದ ಪ್ರಯೋಜನವಿಲ್ಲ, ಹೊರಗಿನವರ ನೆರವು ಬೇಕು. ಫೋಟೊ ಹರಡುವ ಬೆದರಿಕೆ ಬಂದರೆ ಸಿಟ್ಟಿನಲ್ಲಿ ಚಾಟ್ ಅಳಿಸಿಬಿಡಬೇಡಿ. ಸಂದೇಶ, ಖಾತೆಯ ಹೆಸರು, ಲಿಂಕ್, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಆ ಜಾಲತಾಣಕ್ಕೆ ದೂರು ಕೊಡಿ. 18 ದಾಟಿದವರಿಗೆ StopNCII.org ಎಂಬ ಉಚಿತ ಸೇವೆ ಇದೆ, 2021ರಲ್ಲಿ ಶುರುವಾದದ್ದು. ನಿಮ್ಮ ಫೋಟೊ ಅಲ್ಲಿಗೆ ಹೋಗುವುದಿಲ್ಲ. ಫೋಟೊದ ಬೆರಳಚ್ಚಿನಂಥ ಒಂದು ಸಂಕೇತ ನಿಮ್ಮ ಫೋನಿನಲ್ಲೇ ತಯಾರಾಗಿ, ಅದಷ್ಟೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ರೆಡಿಟ್ ಮೊದಲಾದ ಸದಸ್ಯ ಕಂಪನಿಗಳಿಗೆ ಹೋಗುತ್ತದೆ. ಅದಕ್ಕೆ ಹೊಂದುವ ಫೋಟೊ ಅಲ್ಲಿ ಕಂಡರೆ ತಡೆಯಲು ಇದರಿಂದ ಸಾಧ್ಯ. ಇದಕ್ಕೆ ಮೂಲ ಫೋಟೊ ನಿಮ್ಮ ಬಳಿ ಇರಬೇಕು. ಫೋಟೊ ಕತ್ತರಿಸಿ ಬದಲಿಸಿದ್ದರೆ, ಅಥವಾ ಸದಸ್ಯರಲ್ಲದ ತಾಣದಲ್ಲಿ, ಖಾಸಗಿ ಚಾಟ್‌ಗಳಲ್ಲಿ ಓಡಾಡುತ್ತಿದ್ದರೆ ಇದು ಕೈಗೆಟುಕದು. ಫೋಟೊ ತೆಗೆದಾಗ 18 ಆಗಿರದಿದ್ದವರಿಗೆ Take It Down ಎಂಬ ಇಂಥದೇ ಸೇವೆ ಬೇರೆ ಇದೆ.

ಕೊನೆಗೆ ಒಂದು ಚಿಕ್ಕ ವಿಷಯ ಉಳಿಯಿತು. ನಿಮ್ಮ ನಿಯಮ ನಿಮ್ಮಿಬ್ಬರನ್ನು ಕಟ್ಟುತ್ತದೆ, ನಿಮ್ಮ ಫೋಟೊ ತೆಗೆದ ನಂಟರನ್ನಲ್ಲ. ಸಮಾರಂಭದ ಫೋಟೊಗಳು ನಿಮ್ಮಿಬ್ಬರಿಗಿಂತ ಮುಂಚೆ ಬೇರೆಯವರ ಸ್ಟೇಟಸ್‌ನಲ್ಲಿ ಕಾಣಿಸುತ್ತವೆ. ಅಂಥಲ್ಲಿ ಅವರವರ ಕಡೆಯವರಿಗೆ ಅವರವರೇ ಹೇಳುವುದು ಒಳ್ಳೆಯದು: ನಿಮ್ಮ ಅಕ್ಕನಿಗೆ ನೀವು, ಅವರ ತಮ್ಮನಿಗೆ ಅವರು. ಹೇಳುವಾಗ ‘ಅವಳಿಗೆ ಇಷ್ಟವಿಲ್ಲ’ ಎನ್ನದೆ ‘ನಾವಿಬ್ಬರೂ ಹೀಗೆ ಮಾಡಿಕೊಂಡಿದ್ದೇವೆ, ನಮ್ಮ ಫೋಟೊ ಹಾಕೋ ಮುಂಚೆ ಒಮ್ಮೆ ಕಳಿಸು’ ಎನ್ನಬೇಕು. ನಿಮ್ಮವರು ಈ ಸಾಲನ್ನು ‘ನಾವಿಬ್ಬರೂ’ ಎಂದು ಶುರು ಮಾಡುತ್ತಾರೋ ‘ಅವಳಿಗೆ’ ಎಂದು ಶುರು ಮಾಡುತ್ತಾರೋ ಗಮನಿಸಿ. ಎರಡನೆಯದಾದರೆ ನಿಯಮವನ್ನು ಅವರು ಇನ್ನೂ ತಮ್ಮದೆಂದು ಒಪ್ಪಿಲ್ಲ. ಒಂದು ತಿಂಗಳ ನಂತರ ಕಾಗದವನ್ನು ಮತ್ತೆ ತೆರೆದು ಯಾವ ಸಾಲು ಅವರಿಗೆ ಬಿಗಿಯಾಗಿದೆ ಎಂದು ಕೇಳಿ. ಕೇಳಿ ಹಾಕಬೇಕಾದ ಪಾಲಿನಿಂದ ಒಂದೆರಡನ್ನು ಕೇಳದೆ ಹಾಕುವ ಪಾಲಿಗೆ ಸರಿಸಲು ಆ ಹೊತ್ತಿಗೆ ನಿಮಗೂ ಮನಸ್ಸಾಗಿರಬಹುದು. ನಿದ್ದೆಯ ವಿಡಿಯೊ ಇರುವ ಪಾಲನ್ನು ಮಾತ್ರ ಮುಟ್ಟಬೇಡಿ.